‘ಪರಿಶೀಲಿಸುತ್ತೇವೆ’ ಎಂದು ಬರೆದವರು ಏನು ಹೇಳಿದರು?

ಹೆಣ್ಣು ನೋಡಲು ಬಂದವರು ಉಪ್ಪಿಟ್ಟು, ಕೇಸರಿಬಾತು ಮುಗಿಸಿ ಹೊಸಿಲು ದಾಟುವಾಗ ‘ಊರಿಗೆ ಹೋಗಿ ಹಿರೇರನ್ನ ಕೇಳಿ ಹೇಳಿ ಕಳಸ್ತೀವ್ರಿ’ ಎಂದರೆ, ದಾವಣಗೆರೆಯ ಯಾವ ತಾಯಿಯೂ ಮರುದಿನ ಕಲ್ಯಾಣ ಮಂಟಪಕ್ಕೆ ಮುಂಗಡ ಕೊಡಲು ಓಡುವುದಿಲ್ಲ. ತಟ್ಟೆಗಳನ್ನು ಎತ್ತಿಡುತ್ತಲೇ ‘ಇದು ಕೂಡೋ ಸಂಬಂಧ ಅಲ್ಲ ಬಿಡ್ರಿ’ ಎಂದು ಗಂಡನಿಗೆ ಹೇಳಿರುತ್ತಾಳೆ. ಅವಳಿಗೆ ಅದು ಹೇಗೆ ಗೊತ್ತಾಯಿತು? ಬಂದವರು ಆಡಿದ ಮಾತಿನಲ್ಲಿ ‘ಇಲ್ಲ’ ಎಂಬ ಶಬ್ದವೇ ಇರಲಿಲ್ಲವಲ್ಲ? ಇರಲಿಲ್ಲ, ನಿಜ. ಆದರೆ ಅವರು ಹುಡುಗಿಯ ನಕ್ಷತ್ರ ಕೇಳಲಿಲ್ಲ. ಯಾವ ಕಾಲೇಜು, ಮುಂದೆ ಓದುವ ಮನಸ್ಸಿದೆಯೇ ಎಂದು ಕೇಳಲಿಲ್ಲ. ಫೋನ್ ನಂಬರನ್ನು ಬರೆದುಕೊಳ್ಳಲಿಲ್ಲ. ತಾಯಿ ಓದಿದ್ದು ಅವರ ಮಾತನ್ನಲ್ಲ, ಮಾತಿನ ಸುತ್ತ ಇರಬೇಕಾಗಿದ್ದು ಇಲ್ಲದ್ದನ್ನು.

ಇಷ್ಟು ಚೆನ್ನಾಗಿ ಇಂಗಿತ ಬಲ್ಲ ಮನೆಯವರೇ ಅದೇ ಮಾತು ಇಂಗ್ಲಿಷಿನಲ್ಲಿ, ಅದೂ ಹೊರದೇಶದಿಂದ, ಇ-ಮೇಲ್ ಆಗಿ ಬಂದರೆ ಮಗುವಿನ ಹಾಗೆ ನಂಬಿಬಿಡುತ್ತಾರೆ. ‘ವಿ ವಿಲ್ ಕನ್ಸಿಡರ್ ಇಟ್’ ಎಂದಿದ್ದಾರೆ, ಅಂದರೆ ಪರಿಶೀಲಿಸುತ್ತಾರೆ, ಅಂದರೆ ಅರ್ಧ ಒಪ್ಪಿದ ಹಾಗೆಯೇ ಎಂದು ಲೆಕ್ಕ ಹಾಕುತ್ತಾರೆ. ಈ ವಾರ ನಾನು ಹೇಳಹೊರಟಿರುವುದು ಹರಿಹರದಲ್ಲಿ ಹೀಗೆ ಲೆಕ್ಕ ಹಾಕಿದ ಒಬ್ಬ ಪರಿಚಿತರ ಕಥೆ. ಬಿ.ಕಾಂ., ಎಂಜಿನಿಯರಿಂಗ್ ಅಥವಾ ಡಿಪ್ಲೊಮಾ ಓದುತ್ತಿರುವ ನಿಮ್ಮಲ್ಲಿ ಹಲವರು ನಾಳೆ ಇಂಥ ಪತ್ರಗಳನ್ನು ಓದುವ, ಬರೆಯುವ ಕುರ್ಚಿಯಲ್ಲೇ ಕೂರುವವರಾದ್ದರಿಂದ ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಹರಿಹರಕ್ಕೂ ಲೇಥು ಯಂತ್ರಕ್ಕೂ ಹಳೆಯ ನಂಟು. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಈ ಊರಿನ ಎರಡು ತಲೆಮಾರಿಗೆ ಕಬ್ಬಿಣ ಕೊರೆಯುವ, ಕಡೆಯುವ ವಿದ್ಯೆ ಕಲಿಸಿತು. ಆ ಕಾರ್ಖಾನೆ ಮುಚ್ಚಿ ಎರಡು ದಶಕಗಳೇ ಕಳೆದಿವೆ. ಆದರೆ ಕೈಗೆ ಹತ್ತಿದ ವಿದ್ಯೆ ಎಲ್ಲಿಗೆ ಹೋಗುತ್ತದೆ? ನನ್ನ ಪರಿಚಿತರ ತಂದೆ ಅಂಥ ಕೆಲಸ ಬಲ್ಲವರು. ಮಗ ಎರಡು ಸಿಎನ್‌ಸಿ ಲೇಥು ಹಾಕಿಕೊಂಡು, ಆರು ಜನ ಕೆಲಸಗಾರರನ್ನು ಇಟ್ಟುಕೊಂಡು ಸಣ್ಣ ಶೆಡ್ಡೊಂದನ್ನು ನಡೆಸುತ್ತಾರೆ. ಮಗಳು ದಿನವೂ ಬಸ್ಸಿನಲ್ಲಿ ದಾವಣಗೆರೆಗೆ ಕಾಲೇಜಿಗೆ ಹೋಗಿಬರುತ್ತಾಳೆ.

ಬೆಂಗಳೂರಿನ ಯಂತ್ರೋಪಕರಣ ಪ್ರದರ್ಶನವೊಂದರಲ್ಲಿ ಸಿಕ್ಕ ಪರಿಚಯದಿಂದ ಇವರಿಗೆ ಜಪಾನಿನ ಒಸಾಕಾದ ವ್ಯಾಪಾರ ಸಂಸ್ಥೆಯೊಂದು ಪತ್ರ ಬರೆಯಿತು. ಉಕ್ಕಿನ ಒಂದು ಬುಷ್ ಬೇಕು: 30 ಮಿಲಿಮೀಟರ್ ಹೊರವ್ಯಾಸ, 20 ಮಿಲಿಮೀಟರ್ ಉದ್ದ, ತಿಂಗಳಿಗೆ 5,000 ಬಿಡಿ. ಡ್ರಾಯಿಂಗ್ ಜೊತೆಗಿತ್ತು. ಇವರು ಚೆನ್ನೈ ಬಂದರಿನವರೆಗಿನ ಖರ್ಚು ಸೇರಿಸಿ ಕೊಟೇಷನ್ ಕಳಿಸಿದರು. ವಾರದಲ್ಲಿ ಉತ್ತರ ಬಂತು. ಅದರಲ್ಲಿ ಪ್ರಶ್ನೆಗಳೇ ತುಂಬಿದ್ದವು. ಉಕ್ಕಿನ ಪರೀಕ್ಷಾ ಪ್ರಮಾಣಪತ್ರ ಯಾವ ಗಿರಣಿಯದು? ಒಳವ್ಯಾಸದಲ್ಲಿ 0.02 ಮಿಲಿಮೀಟರ್ ವ್ಯತ್ಯಾಸವನ್ನು ಯಾವ ಉಪಕರಣದಿಂದ ಅಳೆಯುತ್ತೀರಿ? ಎಷ್ಟು ಬಿಡಿಗೊಮ್ಮೆ ಅಳೆಯುತ್ತೀರಿ? ಹತ್ತು ಮಾದರಿಗಳನ್ನು ಕಳಿಸಲು ಸಾಧ್ಯವೇ? ನಮ್ಮವರಿಗೆ ತಲೆಚಿಟ್ಟು ಹಿಡಿಯಿತು. ‘ಆರ್ಡರ್ ಕೊಡೋಕಿಂತ ಮುಂಚೆನೇ ಇಷ್ಟು ಕೇಳ್ತಾರಲ್ಲ, ಕೊಡೋ ಮನಸಿಲ್ಲ ಕಣಮ್ಮ ಇವ್ರಿಗೆ’ ಎಂದರಂತೆ ಮಗಳ ಹತ್ತಿರ. ಆದರೂ ಹತ್ತು ಮಾದರಿ ಕಳಿಸಿದರು. ಮತ್ತೆ ಪತ್ರ: ಮಾದರಿ ಸರಿಯಿದೆ, ಬೆಲೆ ಇಳಿಸಬಹುದೇ, 30 ದಿನದಲ್ಲಿ ಸರಕು ಹಡಗು ಹತ್ತುವುದೇ? ಇವರು ಬೆಲೆಯನ್ನು ನೂರಕ್ಕೆ ಮೂರರಷ್ಟು ಇಳಿಸಿದರು, 30 ದಿನಕ್ಕೆ ‘ಪ್ರಯತ್ನಿಸುತ್ತೇವೆ’ ಎಂದು ಬರೆದರು.

ಮೂರನೆಯ ಉತ್ತರ ಬರಲು ಇಪ್ಪತ್ತು ದಿನ ಹಿಡಿಯಿತು. ಬಂದಾಗ ಮಾತ್ರ ಬಹಳ ಸೊಗಸಾಗಿತ್ತು. ನಿಮ್ಮ ಔದಾರ್ಯದ ಪ್ರಸ್ತಾಪಕ್ಕೆ ಹೃತ್ಪೂರ್ವಕ ಧನ್ಯವಾದಗಳು. ಅದನ್ನು ‘ಪಾಸಿಟಿವ್’ ಆಗಿ ಪರಿಶೀಲಿಸುತ್ತೇವೆ. ಸದ್ಯದ ಪರಿಸ್ಥಿತಿ ‘ಎ ಲಿಟಲ್ ಡಿಫಿಕಲ್ಟ್’. ಮುಂದೆ ನಿಮ್ಮೊಡನೆ ಕೆಲಸ ಮಾಡುವ ಅವಕಾಶವನ್ನು ಎದುರು ನೋಡುತ್ತೇವೆ. ಇಷ್ಟೇ.

ಇವರ ಮನೆಯಲ್ಲಿ ಅಂದು ಹೋಳಿಗೆ ಮಾಡಿದ್ದರು.

ಒಂದು ಬುಷ್ಷಿಗೆ ಕತ್ತರಿಸುವ ನಷ್ಟವೂ ಸೇರಿ ಸುಮಾರು 120 ಗ್ರಾಂ ಉಕ್ಕಿನ ಕಂಬಿ ಬೇಕು. 5,000ಕ್ಕೆ 600 ಕಿಲೊ. ಎರಡು ತಿಂಗಳ ಲೆಕ್ಕ ಹಿಡಿದು 1,200 ಕಿಲೊ ಕಂಬಿಯನ್ನು ಕಿಲೊಗೆ 75 ರೂಪಾಯಿಯಂತೆ ತರಿಸಿಬಿಟ್ಟರು. 90,000 ರೂಪಾಯಿ. ಸಣ್ಣ ಶೆಡ್ಡಿಗೆ ಅದು ಎರಡು ತಿಂಗಳ ಸಂಬಳದ ಹಣ. ಆ ಹಣ ತುಂಬಿಕೊಳ್ಳಲು ಬ್ಯಾಂಕಿಗೆ ಹೋದರು. ರಫ್ತು ಮಾಡುವವರಿಗೆ ಸರಕು ಹೊರಡುವ ಮುಂಚೆಯೇ ಕೊಡುವ ‘ಪ್ಯಾಕಿಂಗ್ ಕ್ರೆಡಿಟ್’ ಎಂಬ ಸಾಲವಿದೆ. ಮ್ಯಾನೇಜರು ಇ-ಮೇಲ್ ಪ್ರತಿಯನ್ನು ಓದಿ, ಮಡಚಿ ಹಿಂದಕ್ಕೆ ಕೊಟ್ಟು ‘ಆರ್ಡರ್ ಎಲ್ರಿ?’ ಎಂದರು. ಖಚಿತ ಆರ್ಡರಾಗಲಿ, ಲೆಟರ್ ಆಫ್ ಕ್ರೆಡಿಟ್ ಆಗಲಿ ಇಲ್ಲದೆ ಸಾಮಾನ್ಯವಾಗಿ ಆ ಸಾಲ ಹುಟ್ಟುವುದಿಲ್ಲ. ಮ್ಯಾನೇಜರು ಜಪಾನಿ ಸಂಸ್ಕೃತಿಯನ್ನೇನೂ ಓದಿದವರಲ್ಲ. ಆದರೆ ಆ ಪತ್ರ ಆರ್ಡರಲ್ಲ ಎಂಬುದು ಅವರಿಗೆ ಅರ್ಧ ನಿಮಿಷದಲ್ಲಿ ತಿಳಿಯಿತು.

ಈಗ ಮೂರು ಪತ್ರಗಳನ್ನೂ ಪಕ್ಕಪಕ್ಕ ಇಟ್ಟು ನೋಡೋಣ. ಮಗಳು ಮಾಡಿದ್ದೂ ಅದನ್ನೇ. ಅಪ್ಪನಿಗೆ ರೇಗಿಸಿದ ಮೊದಲೆರಡು ಪತ್ರಗಳಲ್ಲಿ ಪ್ರಶ್ನೆಗಳಿದ್ದವು, ಬುಷ್ಷಿನ ಡ್ರಾಯಿಂಗ್ ಸಂಖ್ಯೆ ಇತ್ತು, ದಿನಗಳ ಲೆಕ್ಕವಿತ್ತು, ಪ್ರತಿ ಕಳಿಸಿದವರ ಸಾಲಿನಲ್ಲಿ ಗುಣಮಟ್ಟ ವಿಭಾಗದವರು, ಖರೀದಿ ವಿಭಾಗದವರು ಎಂದು ಮೂರು ಹೆಸರುಗಳಿದ್ದವು. ಅಪ್ಪನನ್ನು ಕುಣಿಸಿದ ಮೂರನೆಯದರಲ್ಲಿ ಒಂದೇ ಒಂದು ಪ್ರಶ್ನೆ ಇಲ್ಲ. ಡ್ರಾಯಿಂಗ್ ಸಂಖ್ಯೆ ಇಲ್ಲ. ಯಾವಾಗ ತಿಳಿಸುತ್ತೇವೆ ಎಂಬ ದಿನಾಂಕವಿಲ್ಲ. ಆ ಮೂರು ಹೆಸರುಗಳೂ ಮಾಯ. ಇವರು ಇಳಿಸಿದ ಬೆಲೆಯ ಬಗ್ಗೆ ಹೆಚ್ಚಾಯಿತು, ಕಡಿಮೆಯಾಯಿತು ಎಂಬ ಮಾತೇ ಇಲ್ಲ. ಪತ್ರವನ್ನು ಯಾವ ಊರಿನ ಯಾವ ಕಾರ್ಖಾನೆಗೆ ಕಳಿಸಿದರೂ ಒಪ್ಪುವ ಹಾಗಿದೆ. ಕೊಳ್ಳಬೇಕೆಂದಿರುವವನಿಗೆ ಚಿಂತೆಗಳಿರುತ್ತವೆ. ಅಳತೆ ತಪ್ಪಿದರೆ, ಹಡಗು ತಡವಾದರೆ, ತುಕ್ಕು ಹಿಡಿದರೆ ಎಂದು ಅವನು ಪೀಡಿಸುತ್ತಲೇ ಇರುತ್ತಾನೆ. ಬೇಡವೆಂದು ತೀರ್ಮಾನಿಸಿದವನಿಗೆ ಪೀಡಿಸಲು ಏನೂ ಉಳಿದಿರುವುದಿಲ್ಲವಾದ್ದರಿಂದ ಅವನ ಪತ್ರ ನಯವಾಗುತ್ತದೆ. ಹೆಣ್ಣಿನ ನಕ್ಷತ್ರ ಕೇಳದೆ ಹೋದವರ ಹಾಗೆ.

ಇನ್ನು ಪತ್ರದ ಮಾತುಗಳನ್ನೇ ನೋಡಿ. ಬರೆದ ಗುಮಾಸ್ತ ಜಪಾನಿಯಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬರೆದಿದ್ದಾನೆ. ಜಪಾನಿನ ಕಚೇರಿಗಳಲ್ಲಿ ‘ಕೆಂತೋ ಶಿಮಾಸು’ ಎಂಬ ಮಾತು ದಿನ ಬೆಳಗಾದರೆ ಕೇಳುತ್ತದೆ. ಪದಶಃ ಅರ್ಥ ‘ಪರಿಶೀಲಿಸುತ್ತೇವೆ’. ಅದರ ಮುಂದೆ ‘ಮಾಎಮುಕಿ ನಿ’ ಸೇರಿಸಿದರೆ ‘ಒಳ್ಳೆಯ ಮನಸ್ಸಿನಿಂದ ಪರಿಶೀಲಿಸುತ್ತೇವೆ’ ಎಂದಾಯಿತು. ಅದೇ ಒಸಾಕಾದ ಪತ್ರದ ‘ಪಾಸಿಟಿವ್’. ಇದನ್ನು ನಿಜವಾಗಿ ಪರಿಶೀಲಿಸುವಾಗಲೂ ಹೇಳುತ್ತಾರೆ, ಮಾತು ಮುಗಿಸಬೇಕಾದಾಗಲೂ ಹೇಳುತ್ತಾರೆ. ‘ಎ ಲಿಟಲ್ ಡಿಫಿಕಲ್ಟ್’ ಎಂಬುದು ‘ಚೊತ್ತೊ ಮುಝುಕಾಶೀ’ ಎಂಬುದರ ನೇರ ರೂಪ: ‘ಸ್ವಲ್ಪ ಕಷ್ಟ’. ಅಮೆರಿಕದವನೊಬ್ಬ ಇದನ್ನು ಓದಿದರೆ ‘ಕಷ್ಟವೇನು ಹೇಳಿ, ಬಿಡಿಸೋಣ’ ಎಂದು ತೋಳೇರಿಸಿಯಾನು. ಕನ್ನಡಿಗರಿಗೆ ಹಾಗಾಗಬಾರದು. ಐದು ಸಾವಿರ ಕೈಗಡ ಕೇಳಲು ಹೋದಾಗ ಗೆಳೆಯ ‘ಈ ತಿಂಗಳು ಸ್ವಲ್ಪ ಕಷ್ಟ ಆಗುತ್ತಲ್ಲೋ’ ಎಂದರೆ ನಾವು ಚಹಾ ಕುಡಿದು ಎದ್ದು ಬರುತ್ತೇವೆ. ಎಷ್ಟು ಕಷ್ಟ, ಶೇಕಡಾವಾರು ಹೇಳು ಎಂದು ಕೇಳುತ್ತೇವೆಯೇ? ಜಪಾನಿಯವರ ‘ಸ್ವಲ್ಪ ಕಷ್ಟ’ವೂ ನಮ್ಮ ‘ಸ್ವಲ್ಪ ಕಷ್ಟ’ವೂ ಅಣ್ಣತಮ್ಮಂದಿರು. ನಡುವೆ ನಿಂತ ಇಂಗ್ಲಿಷ್ ಎರಡನ್ನೂ ಗುರುತು ಸಿಗದ ಹಾಗೆ ಮಾಡುತ್ತದೆ.

ಇಂಥ ಮಾತಿನಿಂದ ಮೋಸಹೋದವರಲ್ಲಿ ದೊಡ್ಡವರೂ ಇದ್ದಾರೆ ಎಂಬ ಕಥೆಯೊಂದು ದುಭಾಷಿಗಳ ನಡುವೆ ಪ್ರಸಿದ್ಧ. ಹತ್ತಿಗಿರಣಿಗಳಿಂದ ‘ಕರ್ನಾಟಕದ ಮ್ಯಾಂಚೆಸ್ಟರ್’ ಎನ್ನಿಸಿಕೊಂಡಿದ್ದ ದಾವಣಗೆರೆಯವರಿಗೆ ಅದು ಹಿಡಿಸಬೇಕು, ಏಕೆಂದರೆ ಜಗಳ ಬಟ್ಟೆಯದು. 1969ರ ನವೆಂಬರಿನಲ್ಲಿ ಜಪಾನಿನ ಪ್ರಧಾನಿ ಐಸಾಕು ಸಾತೊ ವಾಷಿಂಗ್ಟನ್ನಿಗೆ ಹೋಗಿದ್ದರು. ಜಪಾನಿನ ಜವಳಿ ಅಮೆರಿಕಕ್ಕೆ ವಿಪರೀತವಾಗಿ ಬರುತ್ತಿದೆ, ಅದನ್ನು ನೀವೇ ಕಡಿಮೆ ಮಾಡಿಕೊಳ್ಳಿ ಎಂಬುದು ಅಧ್ಯಕ್ಷ ನಿಕ್ಸನ್ ಅವರ ಒತ್ತಾಯ. ಅದಕ್ಕೆ ಸಾತೊ ‘ಝೆನ್‌ಶೊ ಶಿಮಾಸು’ ಎಂದರಂತೆ. ‘ಸೂಕ್ತವಾಗಿ ನೋಡಿಕೊಳ್ಳುತ್ತೇನೆ’ ಎಂಬ ಅರ್ಥದ, ಜಪಾನಿನಲ್ಲಿ ಯಾರೂ ವಚನವೆಂದು ಭಾವಿಸದ ಮಾತು. ದುಭಾಷಿ ಅದನ್ನು ‘ನನ್ನ ಕೈಲಾದದ್ದೆಲ್ಲ ಮಾಡುತ್ತೇನೆ’ ಎಂದು ಇಂಗ್ಲಿಷಿಗೆ ತಂದನಂತೆ. ನಿಕ್ಸನ್ ಒಪ್ಪಿಗೆ ಸಿಕ್ಕಿತೆಂದು ತಿಳಿದರು, ಏನೂ ಆಗದಿದ್ದಾಗ ಮೋಸವಾಯಿತೆಂದು ಕೆರಳಿದರು. ಅಲ್ಲಿ ನಿಜವಾಗಿ ಆದ ಮಾತು ಇಷ್ಟು ಸರಳವಲ್ಲ, ಸಾತೊ ಗುಟ್ಟಾಗಿ ಇನ್ನೂ ಗಟ್ಟಿಯಾದ ಭರವಸೆಯನ್ನೇ ಕೊಟ್ಟಿದ್ದರು ಎಂದು ಹೇಳುವ ಇತಿಹಾಸಕಾರರಿದ್ದಾರೆ. ಆದ್ದರಿಂದ ಕಥೆಯನ್ನು ಕಥೆಯಾಗಿಯೇ ಕೇಳಿ. ಜವಳಿ ಜಗಳವಂತೂ ಸುಳ್ಳಲ್ಲ. ಅದು ಒಂದು ಒಪ್ಪಂದಕ್ಕೆ ಬರಲು 1971ರ ಅಕ್ಟೋಬರ್ ಆಯಿತು.

ಹಾಗಾದರೆ ಜಪಾನಿನಿಂದ ‘ಪರಿಶೀಲಿಸುತ್ತೇವೆ’ ಎಂದು ಬಂದ ಕೂಡಲೇ ಕೈಚೆಲ್ಲಬೇಕೇ? ಅದೂ ತಪ್ಪು. ಅಲ್ಲಿನ ಹಳೆಯ ಕಂಪನಿಗಳಲ್ಲಿ ‘ರಿಂಗಿ’ ಎಂಬ ಪದ್ಧತಿ ಇದೆ. ಒಂದು ತೀರ್ಮಾನದ ಕಾಗದ ಕೆಳಗಿನ ಮೇಜಿನಿಂದ ಹೊರಟು ವಿಭಾಗದಿಂದ ವಿಭಾಗಕ್ಕೆ ಸುತ್ತಿ, ಒಬ್ಬೊಬ್ಬರ ಮುದ್ರೆ ಬಿದ್ದು ಮೇಲಕ್ಕೆ ಹೋಗಬೇಕು. ಹಾಗಾಗಿ ಮೂರು ವಾರ, ಐದು ವಾರ ಮೌನವಾಗಿದ್ದು ಆಮೇಲೆ ಆರ್ಡರ್ ಬರುವುದುಂಟು. ತಡವನ್ನೇ ನಿರಾಕರಣೆಯ ಗುರುತೆಂದು ಹಿಡಿದರೆ ಕೆಡುತ್ತೇವೆ. ಕಾಗದ ಸುತ್ತುತ್ತಿರುವಾಗ ನಡುನಡುವೆ ಯಾವುದೋ ಮೇಜಿನಿಂದ ಒಂದು ಕ್ಷುಲ್ಲಕ ಪ್ರಶ್ನೆ ಬಂದು ಬೀಳುತ್ತಿರುತ್ತದೆ: ಪೆಟ್ಟಿಗೆಯ ತೂಕವೆಷ್ಟು, ತುಕ್ಕು ತಡೆಯುವ ಎಣ್ಣೆ ಯಾವುದು. ಅದು ಬರುತ್ತಿರುವವರೆಗೆ ಉಸಿರಿದೆ ಎಂದರ್ಥ.

ಎಲ್ಲ ದೇಶದವರೂ ಹೀಗೆಯೇ ಬರೆಯುತ್ತಾರೆಂದೂ ತಿಳಿಯಬೇಡಿ. ಜರ್ಮನಿಯ ಖರೀದಿದಾರ ಸಾಮಾನ್ಯವಾಗಿ ‘ನಿಮ್ಮ ಬೆಲೆ ಹೆಚ್ಚು, ಬೇರೆಯವರಿಗೆ ಕೊಟ್ಟಿದ್ದೇವೆ’ ಎಂದು ಎರಡೇ ಸಾಲು ಬರೆದಾನು. ಅದನ್ನು ಓದಿ ನಮ್ಮವರು ಅವಮಾನವಾಯಿತೆಂದು ಮುನಿಸಿಕೊಳ್ಳುತ್ತಾರೆ. ಅವನು ನಿಮ್ಮ 90,000 ರೂಪಾಯಿ ಉಳಿಸಿದ ಪುಣ್ಯಾತ್ಮ. ಇಂಗ್ಲೆಂಡಿನವರು ‘ನೆನಪಿನಲ್ಲಿಡುತ್ತೇವೆ’ ಎಂದರೆ ಬಹುಮಟ್ಟಿಗೆ ಮರೆತರೆಂದೇ ಲೆಕ್ಕ. ಕೆಲಸಕ್ಕೆ ಅರ್ಜಿ ಹಾಕಿದ ಹುಡುಗರಿಗೆ ಬರುವ ‘ನಿಮ್ಮ ವಿವರಗಳನ್ನು ಕಡತದಲ್ಲಿ ಇಟ್ಟುಕೊಂಡಿರುತ್ತೇವೆ’ ಎಂಬ ಪತ್ರವೂ ಇದೇ ಜಾತಿಯದು. ತಂದೆತಾಯಂದಿರು ಅದನ್ನು ನಂಬಿ ಬೇರೆ ಅರ್ಜಿ ಹಾಕುವುದನ್ನು ನಿಲ್ಲಿಸಬಾರದು.

ಹರಿಹರಕ್ಕೆ ಮರಳೋಣ. ನಮ್ಮವರು ತಿಂಗಳಿಗೆ ಎರಡು ಸಲ ‘ಏನಾಯಿತು’ ಎಂದು ಬರೆದರು. ‘ಇನ್ನೂ ಪರಿಶೀಲಿಸುತ್ತಿದ್ದೇವೆ’ ಎಂದು ಉತ್ತರ ಬರುತ್ತಿತ್ತು. ಇದರಲ್ಲಿ ಒಸಾಕಾದವರ ತಪ್ಪು ಹುಡುಕುವುದು ಕಷ್ಟ. ಪತ್ರ ಬರೆಯುವ ಗುಮಾಸ್ತ ತೀರ್ಮಾನ ಮಾಡುವವನಲ್ಲ, ‘ಇಲ್ಲ’ ಎನ್ನುವ ಅಧಿಕಾರ ಅವನಿಗೆ ಇಲ್ಲದೆಯೂ ಇರಬಹುದು. ಮುಂದೆಂದಾದರೂ ಇದೇ ಶೆಡ್ಡಿನಿಂದ ಕೆಲಸ ಬೇಕಾದೀತು, ಇಂದು ಮುಖ ಮುರಿಯುವುದೇಕೆ ಎಂಬ ಎಣಿಕೆಯೂ ಇರುತ್ತದೆ. ‘ಏನಾಯಿತು’ ಎಂಬ ಪ್ರಶ್ನೆಗೆ ಅವನು ಕೊಡಬಹುದಾದ ಉತ್ತರಗಳು ಎರಡೇ: ಒರಟಾಗಿ ‘ಇಲ್ಲ’ ಅನ್ನಬೇಕು, ಇಲ್ಲವೇ ಹಳೆಯ ರಾಗ ಹಾಡಬೇಕು. ಅವನು ರಾಗ ಹಾಡುತ್ತಿದ್ದ.

ಕೊನೆಗೆ ಪತ್ರ ಬರೆದವಳು ಮಗಳು. ಅವಳ ಪತ್ರದ ಸಾರ ಹೀಗಿತ್ತು. ನಮ್ಮ ಬೆಲೆ ಈ ತಿಂಗಳ 31ರವರೆಗೆ ಮಾತ್ರ ಊರ್ಜಿತ, ಏಕೆಂದರೆ ಆಮೇಲೆ ಉಕ್ಕಿನ ದರ ಬದಲಾಗಬಹುದು. ಈ ವರ್ಷದ ನಿಮ್ಮ ಯೋಜನೆಯಲ್ಲಿ ನಮ್ಮ ಬುಷ್ಷಿಗೆ ಜಾಗವಿಲ್ಲವಾದರೆ ನಮಗೆ ಅದು ಪೂರ್ತಿ ಅರ್ಥವಾಗುತ್ತದೆ, ನಿಮಗಾಗಿ ಬಿಡುವು ಮಾಡಿಟ್ಟಿರುವ ಯಂತ್ರವನ್ನು ಬೇರೆ ಕೆಲಸಕ್ಕೆ ಹಚ್ಚುತ್ತೇವೆ. ಮುಂದಿನ ವರ್ಷಕ್ಕೆ ಯಾವ ತಿಂಗಳಲ್ಲಿ ಬೆಲೆ ಕಳಿಸಿದರೆ ನಿಮಗೆ ಅನುಕೂಲ?

ಇದರಲ್ಲಿ ‘ಹೌದೋ ಅಲ್ಲವೋ’ ಎಂಬ ಪ್ರಶ್ನೆ ಇಲ್ಲ ಎಂಬುದನ್ನು ಗಮನಿಸಿ. ‘ಇಲ್ಲ’ ಎಂಬ ಮಾತನ್ನು ಅವಳೇ ಅವರ ಪರವಾಗಿ ಹೇಳಿಬಿಟ್ಟಿದ್ದಾಳೆ. ಅವರು ಹೇಳಬೇಕಾದ್ದು ಒಂದು ತಿಂಗಳ ಹೆಸರು ಮಾತ್ರ. ಅದನ್ನು ಹೇಳಿದರೆ ಯಾರ ಮುಖವೂ ಮುರಿಯುವುದಿಲ್ಲ. ಆರ್ಡರ್ ಕೊಡುವ ಯೋಚನೆ ನಿಜವಾಗಿಯೂ ಇದ್ದಿದ್ದರೆ, 31ನೇ ತಾರೀಖು ಎಂಬುದನ್ನು ನೋಡಿ ಅವರೇ ಎಚ್ಚೆತ್ತು ‘ಸ್ವಲ್ಪ ತಡೆಯಿರಿ’ ಎನ್ನುತ್ತಿದ್ದರು. ಎರಡು ತಿಂಗಳಿಂದ ರಾಗ ಹಾಡಿದವರು ಎರಡೇ ದಿನದಲ್ಲಿ ಸ್ಪಷ್ಟವಾಗಿ ಬರೆದರು: ನಿಮ್ಮ ಆಳವಾದ ತಿಳಿವಳಿಕೆಗೆ ಕೃತಜ್ಞರು, ಈ ವರ್ಷದ ಪೂರೈಕೆಗೆ ಬೇರೆಯವರೊಡನೆ ಏರ್ಪಾಡಾಗಿದೆ, ಜನವರಿಯಲ್ಲಿ ಬೆಲೆ ಕಳಿಸಿದರೆ ಒಳ್ಳೆಯದು. ಆ ಏರ್ಪಾಡು ಯಾವಾಗ ಆಗಿತ್ತೋ ಅವರು ಬರೆಯಲಿಲ್ಲ. ಹೋಳಿಗೆಯ ದಿನಕ್ಕಿಂತ ಮುಂಚೆಯೇ ಆಗಿರಬೇಕೆಂದು ನನ್ನ ಊಹೆ.

ಕಂಬಿ ಮೂಲೆಯಲ್ಲಿ ಮಳೆಗಾಲ ಕಳೆದು ಮೇಲೆಲ್ಲ ಕೆಂಪು ತುಕ್ಕು ಹತ್ತಿತು. ತುಕ್ಕಿನ ಪದರವನ್ನು ಲೇಥು ಹೇಗೂ ಕಡೆಯುತ್ತದೆ, ಆದರೆ 30 ಮಿಲಿಮೀಟರಿನ ಕಂಬಿ ಎಲ್ಲ ಕೆಲಸಕ್ಕೂ ಆಗುವುದಿಲ್ಲ. ಸಿಕ್ಕ ಸಣ್ಣಪುಟ್ಟ ಕೆಲಸಗಳಿಗೆ ಹಾಕಿ ಖಾಲಿ ಮಾಡಲು ಹತ್ತು ತಿಂಗಳು ಹಿಡಿಯಿತು.

ಜನವರಿಯಲ್ಲಿ ಬೆಲೆ ಕಳಿಸಿದರು. ಈ ಸಲ ಬೇರೊಂದು ಭಾಗದ ಡ್ರಾಯಿಂಗ್ ಬಂತು, ಜೊತೆಗೆ ‘30 ದಿನದಲ್ಲಿ ಆಗುತ್ತದೆಯೇ’ ಎಂಬ ಅದೇ ಪ್ರಶ್ನೆ. ಅಪ್ಪ ಎಂದಿನಂತೆ ‘ವಿ ವಿಲ್ ಟ್ರೈ ಅವರ್ ಬೆಸ್ಟ್’ ಎಂದು ಬರೆದಿಟ್ಟಿದ್ದರು. ಮಗಳು ಅಲ್ಲೇ ಬೆರಳಿಟ್ಟಳು. ‘ಅಪ್ಪಾಜಿ, ಆಗುತ್ತಾ ಮೂವತ್ತು ದಿನಕ್ಕೆ?’ ‘ಎಲ್ಲಾಗುತ್ತಮ್ಮ, ಗ್ರೈಂಡಿಂಗಿಗೆ ಹೊರಗೆ ಕಳಿಸಬೇಕು, ಮೂವತ್ತೈದಂತೂ ಬೇಕು.’ ‘ಮತ್ತೆ ಟ್ರೈ ಮಾಡ್ತೀವಿ ಅಂತ ಯಾಕೆ ಬರೆದಿರಿ?’ ‘ಇಲ್ಲ ಅನ್ನೋಕಾಗುತ್ತೇನಮ್ಮ, ಬೇಜಾರು ಮಾಡ್ಕೋತಾರೆ.’ ಹೋದ ಸಲವೂ 30 ದಿನಕ್ಕೆ ಇದೇ ಮಾತು ಬರೆದಿದ್ದರಲ್ಲವೇ? ಅಷ್ಟು ಹೊತ್ತಿಗೆ ಅಪ್ಪನಿಗೂ ನಗು ಬಂತಂತೆ. ಒಸಾಕಾದವರು ‘ಪರಿಶೀಲಿಸುತ್ತೇವೆ’ ಎಂದಾಗ ಇವರು ಹೌದೆಂದು ಓದಿದ್ದರು. ಇವರು ‘ಪ್ರಯತ್ನಿಸುತ್ತೇವೆ’ ಎಂದಾಗ ಅವರು ಆಗುವುದಿಲ್ಲವೆಂದೇ ಓದಿ ಬೇರೆಯವರ ಹತ್ತಿರ ಹೋಗಿದ್ದರೂ ಹೋಗಿರಬಹುದು.

ಮಗಳು ಆ ಸಾಲನ್ನು ಹೊಡೆದುಹಾಕಿ ‘30 ದಿನದಲ್ಲಿ ಆಗುವುದಿಲ್ಲ. 35 ದಿನದಲ್ಲಿ ಸರಕು ಚೆನ್ನೈ ಬಂದರಿನಲ್ಲಿರುತ್ತದೆ’ ಎಂದು ಬರೆದಳು. ಮರುದಿನ ಉತ್ತರ ಬಂತು. ಧನ್ಯವಾದ, ಕೃತಜ್ಞತೆ ಎಲ್ಲ ಒಂದೇ ಸಾಲಿಗೆ ಮುಗಿದಿತ್ತು. ಉಳಿದದ್ದು ಪೂರ್ತಿ ಪ್ರಶ್ನೆಗಳು: ಗ್ರೈಂಡಿಂಗ್ ಎಲ್ಲಿ ಮಾಡಿಸುತ್ತೀರಿ, ಮೇಲ್ಮೈ ನುಣುಪನ್ನು ಹೇಗೆ ಅಳೆಯುತ್ತೀರಿ, ಪೆಟ್ಟಿಗೆಗೆ ಎಷ್ಟು ಬಿಡಿ, ಮಾದರಿ ಯಾವ ದಿನ ಕಳಿಸುತ್ತೀರಿ. ಪ್ರತಿ ಕಳಿಸಿದವರ ಸಾಲಿನಲ್ಲಿ ನಾಲ್ಕು ಹೆಸರುಗಳಿದ್ದವು.